ಅಪ್‌ಲೋಡ್ ಮಾಡಿದ ಶೀಟ್‌ಗಳು ಪ್ರಿಂಟ್‌ಗೆ ಹೋಗುವ ಮುಂಚೆ ಕಾಣೆಯಾದರೆ: ಲ್ಯಾಬ್‌ಗೆ ದೂರಿನ ಮೇಲ್ ಬರೆಯುವ ಬಗೆ

ಮದುವೆ ಆಲ್ಬಂ ಮಾಡುವವರಿಗೆ ಈ ತೊಂದರೆ ಗೊತ್ತಿರುತ್ತದೆ. ಶೀಟ್ ಡಿಸೈನ್ ಮುಗಿಸಿ, ಲ್ಯಾಬ್‌ನ ವೆಬ್‌ಸೈಟ್‌ಗೆ ಅಪ್‌ಲೋಡ್ ಮಾಡಿ, ಆರ್ಡರ್ ಕೊಟ್ಟಿರುತ್ತೇವೆ. ಮಾರನೇ ದಿನ ಲ್ಯಾಬ್‌ನಿಂದ ಫೋನ್ ಬರುತ್ತದೆ: "ಸರ್, 40 ಶೀಟ್ ಅಂತ ಇದೆ, ನಮಗೆ ಬಂದಿರೋದು 26." ನಾವು ಎಲ್ಲವನ್ನೂ ಹಾಕಿದ್ದೇವೆ, ಪರದೆ ಮೇಲೆ ನೋಡಿಯೂ ಇದ್ದೇವೆ. ಆದರೆ ಅವರ ಹತ್ತಿರ ಇಲ್ಲ.

ಮಲೆನಾಡಿನ ನಮ್ಮ ಚಿಕ್ಕ ಸ್ಟುಡಿಯೋದಲ್ಲಿ ಇದು ಒಂದೇ ಸೀಸನ್‌ನಲ್ಲಿ ಮೂರು ಸಲ ಆಯಿತು. ಮೊದಲೆರಡು ಸಲ ನಾನು ಕಳಿಸಿದ ಮೇಲ್‌ನಲ್ಲಿ ಸಿಟ್ಟು ಮಾತ್ರ ಇತ್ತು. "ಮತ್ತೆ ಫೋಟೋ ಕಾಣೆಯಾಗಿವೆ, ದಯವಿಟ್ಟು ಸರಿ ಮಾಡಿ" ಎಂದು ಬರೆದಿದ್ದೆ. "ಬ್ರೌಸರ್‌ನ ಕ್ಯಾಶ್ ಕ್ಲಿಯರ್ ಮಾಡಿ ಇನ್ನೊಮ್ಮೆ ಪ್ರಯತ್ನಿಸಿ" ಎಂಬ ಉತ್ತರ ಬಂತು. ಮೂರನೇ ಸಲ ಬೇರೆ ಥರ ಬರೆದೆ. ಆ ಮೇಲ್ ತಾಂತ್ರಿಕ ತಂಡದವರೆಗೆ ಹೋಯಿತು, ಕಾರಣವೂ ಸಿಕ್ಕಿತು. ಅದನ್ನು ಬರೆಯುವ ಮುಂಚೆ ಏನೇನು ಮಾಡಿದೆ, ಹೇಗೆ ಬರೆದೆ ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಪರದೆ ಮೇಲೆ ಕಂಡಿದ್ದು ಎಲ್ಲಿಂದ ಬಂದಿದ್ದು?

ಫೈಲ್ ಆರಿಸಿದ ತಕ್ಷಣ ಪುಟದಲ್ಲಿ ಅದರ ಚಿಕ್ಕ ಚಿತ್ರ ಕಾಣುತ್ತದೆ. ತುಂಬಾ ಸೈಟ್‌ಗಳಲ್ಲಿ ಆ ಚಿತ್ರ ಲ್ಯಾಬ್‌ನ ಸರ್ವರ್‌ನಿಂದ ಬಂದಿರುವುದಿಲ್ಲ. ನಮ್ಮ ಕಂಪ್ಯೂಟರ್‌ನಲ್ಲಿರುವ ಫೈಲನ್ನೇ ಓದಿ ಬ್ರೌಸರ್ ತೋರಿಸುತ್ತಿರುತ್ತದೆ. ಹಸಿರು ಗೆರೆ ನೂರಕ್ಕೆ ಮುಟ್ಟಿತು ಎಂದರೂ ನಮ್ಮ ಕಡೆಯಿಂದ ಡೇಟಾ ಹೊರಟಿದೆ ಎಂದಷ್ಟೇ ಅರ್ಥ. ಆ ಕಡೆ ಫೈಲ್ ಮೊದಲು ಒಂದು ತಾತ್ಕಾಲಿಕ ಜಾಗದಲ್ಲಿ ಕೂರುತ್ತದೆ. ಆಮೇಲೆ ತಪಾಸಣೆ ಆಗುತ್ತದೆ, ಚಿಕ್ಕ ಚಿತ್ರ ತಯಾರಾಗುತ್ತದೆ. ಆರ್ಡರ್ ಖಚಿತವಾದ ಮೇಲೆ ಪ್ರಿಂಟ್ ಸಾಲಿಗೆ ಹೋಗುತ್ತದೆ. ಈ ಹಾದಿಯಲ್ಲಿ ಎಲ್ಲಿ ಬೇಕಾದರೂ ಫೈಲ್ ಬಿದ್ದುಹೋಗಬಹುದು.

ಹಾಗಾಗಿ ಮೊದಲ ಕೆಲಸ ಇಷ್ಟು. ಅಪ್‌ಲೋಡ್ ಆದಮೇಲೆ ಪುಟ ರಿಫ್ರೆಶ್ ಮಾಡಿ. ಆಗ ಚಿತ್ರಗಳು ಹೋಗಿಬಿಟ್ಟರೆ ಅವು ಸರ್ವರ್ ಸೇರಿರಲಿಕ್ಕಿಲ್ಲ. ಇನ್ನೂ ಇದ್ದರೆ ನಿಮ್ಮ ಮೊಬೈಲ್‌ನಲ್ಲಿ, ಮೊಬೈಲ್ ಡೇಟಾದಲ್ಲಿ, ಅದೇ ಖಾತೆಗೆ ಲಾಗಿನ್ ಆಗಿ ನೋಡಿ. ಅಲ್ಲಿಯೂ ಕಂಡರೆ ಫೈಲ್ ಒಂದು ಹಂತದವರೆಗಾದರೂ ತಲುಪಿದೆ. ಇದನ್ನು ಮಾಡಿಟ್ಟುಕೊಂಡರೆ "ಕ್ಯಾಶ್ ಕ್ಲಿಯರ್ ಮಾಡಿ" ಎಂಬ ಸಲಹೆಗೆ ಮೊದಲ ಮೇಲ್‌ನಲ್ಲೇ ಉತ್ತರ ಕೊಟ್ಟಂತೆ ಆಗುತ್ತದೆ. ಬೇರೆ ಉಪಕರಣದಲ್ಲಿ, ಬೇರೆ ನೆಟ್‌ನಲ್ಲಿ ಹಾಗೇ ಕಂಡಿದೆ ಎಂದಮೇಲೆ ನಮ್ಮ ಕ್ಯಾಶ್‌ಗೂ ಇದಕ್ಕೂ ಸಂಬಂಧ ಇಲ್ಲ, ಅಲ್ವಾ?

ಇನ್ನೊಂದು ಎಚ್ಚರಿಕೆ. ಚಿಕ್ಕ ಚಿತ್ರ ಕಂಡರೆ ಮೂಲ ಫೈಲೂ ಇದೆ ಎಂದುಕೊಳ್ಳಬೇಡಿ. ಅವೆರಡನ್ನು ಬೇರೆ ಬೇರೆ ಜಾಗದಲ್ಲಿ ಇಡುವುದು ಸಾಮಾನ್ಯ. ಚಿತ್ರದ ಮೇಲೆ ಕ್ಲಿಕ್ ಮಾಡಿ ದೊಡ್ಡದಾಗಿ ತೆರೆಯಿರಿ, ಡೌನ್‌ಲೋಡ್ ಬಟನ್ ಇದ್ದರೆ ಇಳಿಸಿ ನೋಡಿ. ನಾನು ಮೋಸ ಹೋಗಿದ್ದು ಇಲ್ಲೇ. ಆರ್ಡರ್ ಕೊಡುವಾಗ 40 ಚಿಕ್ಕ ಚಿತ್ರಗಳೂ ಸಾಲಾಗಿ ಕಾಣುತ್ತಿದ್ದವು. ಅವುಗಳಲ್ಲಿ 14ರ ಮೂಲ ಫೈಲ್ ಅಷ್ಟರಲ್ಲಿ ಅಲ್ಲಿ ಇರಲಿಲ್ಲ.

ಯಾವುವು ಹೋದವು, ಯಾವುವು ಉಳಿದವು?

ದೂರಿನ ಜೀವ ಇರುವುದು ಈ ಪ್ರಶ್ನೆಯಲ್ಲಿ. "14 ಹೋಗಿವೆ" ಎಂದರೆ ಲ್ಯಾಬ್‌ನವರಿಗೆ ಹುಡುಕಲು ದಾರಿ ಸಿಗುವುದಿಲ್ಲ. "1ರಿಂದ 14ರವರೆಗಿನವು ಹೋಗಿವೆ, 15ರಿಂದ 40 ಉಳಿದಿವೆ" ಎಂದರೆ ಅರ್ಧ ದಾರಿ ಸಿಕ್ಕ ಹಾಗೆ.

ಒಂದು ಹಾಳೆ ತೆಗೆದುಕೊಂಡು ಹೋದ ಫೈಲ್‌ಗಳನ್ನು ಒಂದು ಕಡೆ, ಉಳಿದವನ್ನು ಇನ್ನೊಂದು ಕಡೆ ಬರೆಯಿರಿ. ಪ್ರತಿಯೊಂದರ ಮುಂದೆ ಹೆಸರು, ಎಷ್ಟು ಎಂಬಿ, ಅಪ್‌ಲೋಡ್ ಮಾಡಿದ ದಿನ ಮತ್ತು ಗಂಟೆ ಇರಲಿ. ಆಮೇಲೆ ಸುಮ್ನೆ ಕೂತು ನೋಡಿ. ದೊಡ್ಡ ಫೈಲ್‌ಗಳು ಮಾತ್ರ ಹೋಗಿದ್ದರೆ ಗಾತ್ರದ ಮಿತಿ ಇರಬಹುದು. ಒಂದೇ ಸಲ 30 ಫೈಲ್ ಆರಿಸಿದಾಗ ಮೊದಲ 20 ಮಾತ್ರ ಉಳಿದರೆ ಎಣಿಕೆಯ ಮಿತಿ ಇರಬಹುದು. ತುಂಬಾ ವೆಬ್‌ಸೈಟ್‌ಗಳು ನಡೆಯುವ ಪಿಎಚ್‌ಪಿಯಲ್ಲಿ `max_file_uploads` ಎಂಬ ಸೆಟ್ಟಿಂಗ್ ಇದೆ. ಯಾರೂ ಬದಲಿಸದಿದ್ದರೆ ಅದು 20 ಆಗಿರುತ್ತದೆ. ಒಂದೇ ಬಾರಿಗೆ ಅದಕ್ಕಿಂತ ಜಾಸ್ತಿ ಕಳಿಸಿದರೆ ಹೆಚ್ಚಿನವನ್ನು ಅದು ಬಿಟ್ಟುಬಿಡುತ್ತದೆ. ಎರಡು ಕ್ಯಾಮೆರಾದ `DSC_0215.JPG` ಎಂಬ ಒಂದೇ ಹೆಸರಿನ ಎರಡು ಫೋಟೋಗಳಲ್ಲಿ ಒಂದು ಮಾತ್ರ ಉಳಿದರೆ, ಎರಡನೆಯದು ಮೊದಲನೆಯದರ ಮೇಲೆ ಕೂತಿರಬಹುದು. ಐಫೋನ್‌ನ ಎಚ್‌ಇಐಸಿ ಫೋಟೋಗಳು ಅಥವಾ ಸಿಎಂವೈಕೆ ಬಣ್ಣದಲ್ಲಿ ಉಳಿಸಿದ ಜೆಪೆಗ್‌ಗಳು ಮಾತ್ರ ಹೋಗಿದ್ದರೆ ತಪಾಸಣೆ ಹಂತದಲ್ಲಿ ತಿರಸ್ಕಾರ ಆಗಿರಬಹುದು. ಅದನ್ನು ನಮಗೆ ಹೇಳದೆ ಇರುವುದು ಅವರ ತಪ್ಪೇ, ಆದರೆ ಕಾರಣ ಬೇರೆ.

ನನ್ನ ಪಟ್ಟಿಯಲ್ಲಿ ಇವು ಯಾವುದೂ ಹೊಂದಲಿಲ್ಲ. ಎಲ್ಲ ಶೀಟ್‌ಗಳೂ 12x36 ಇಂಚು, 300 ಡಿಪಿಐ, ಅಂದರೆ 10800x3600 ಪಿಕ್ಸೆಲ್. ಒಂದೊಂದೂ ಸುಮಾರು 18 ಎಂಬಿ. ಹೆಸರು `sheet_01.jpg`ರಿಂದ `sheet_40.jpg`ವರೆಗೆ, ಎಲ್ಲೂ ಎರಡು ಸಲ ಇಲ್ಲ. ಬೇರೆಯಾಗಿದ್ದದ್ದು ಅಪ್‌ಲೋಡ್ ಮಾಡಿದ ಸಮಯ ಒಂದೇ.

ನಾವು ಎಲ್ಲ ಶೀಟ್‌ಗಳನ್ನು ಒಂದೇ ದಿನ ಹಾಕುವುದಿಲ್ಲ. ಮದುವೆ ಮನೆಯವರು ನೋಡಿ ಒಪ್ಪಿದಷ್ಟನ್ನು ಹಾಕುತ್ತಾ ಹೋಗುತ್ತೇವೆ. ನಮ್ಮಲ್ಲಿ ನೆಟ್ ನಿಧಾನ. 14 ಶೀಟ್ ಎಂದರೆ ಸುಮಾರು 250 ಎಂಬಿ, ಒಂದು ಎಂಬಿಪಿಎಸ್ ವೇಗದಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಶುರುಮಾಡಬೇಕು. ಹಾಗಾಗಿ ಸೋಮವಾರ ಸಂಜೆ 7ಕ್ಕೆ 14, ಮಂಗಳವಾರ ರಾತ್ರಿ 9:20ಕ್ಕೆ 16, ಬುಧವಾರ ರಾತ್ರಿ 8:20ಕ್ಕೆ ಉಳಿದ 10 ಹಾಕಿ, 8:50ಕ್ಕೆ ಆರ್ಡರ್ ಖಚಿತ ಮಾಡಿದ್ದೆ. ಕಾಣೆಯಾದ 14 ಕೂಡ ಸೋಮವಾರದವು. ಹಿಂದಿನ ಎರಡು ಆರ್ಡರ್ ತೆಗೆದು ನೋಡಿದೆ. ಅಲ್ಲಿಯೂ ಮೊದಲ ದಿನ ಹಾಕಿದ್ದೇ ಹೋಗಿತ್ತು.

ದುಡ್ಡು ಕೊಡದೆ ಒಂದು ಪರೀಕ್ಷೆ

ಅನುಮಾನ ಬಂದಿದೆ ಎಂದು ಬರೆಯುವುದಕ್ಕಿಂತ ಮಾಡಿ ತೋರಿಸುವುದು ಒಳ್ಳೆಯದು. ಹೊಸ ಡ್ರಾಫ್ಟ್ ಆರ್ಡರ್ ತೆರೆದು, ಖಚಿತ ಮಾಡದೆ, ನಾಲ್ಕೇ ಫೈಲ್‌ಗಳಲ್ಲಿ ನೋಡಿದೆ. ಶುಕ್ರವಾರ ಬೆಳಿಗ್ಗೆ 9ಕ್ಕೆ ಎರಡು ಫೈಲ್, ಅದೇ ರಾತ್ರಿ 9ಕ್ಕೆ ಇನ್ನೆರಡು. ಪ್ರತಿ ಜೋಡಿಯಲ್ಲೂ ಒಂದು 18 ಎಂಬಿಯ ಶೀಟ್, ಇನ್ನೊಂದು 1 ಎಂಬಿಯ ಚಿಕ್ಕ ಫೋಟೋ. ಗಾತ್ರದಿಂದ ಹೀಗಾಗುತ್ತಿದೆಯೋ ಇಲ್ಲವೋ ಎಂಬುದೂ ಇದರಲ್ಲೇ ಗೊತ್ತಾಗಲಿ ಎಂದು ಹಾಗೆ ಮಾಡಿದ್ದು.

ಶನಿವಾರ ಬೆಳಿಗ್ಗೆ 8ಕ್ಕೆ ಮೊದಲ ಜೋಡಿ ತೆರೆಯಿತು. ಆಗ 23 ಗಂಟೆ ಆಗಿತ್ತು. 10ಕ್ಕೆ ತೆರೆಯಲಿಲ್ಲ, ಚಿಕ್ಕ ಚಿತ್ರ ಮಾತ್ರ ಇತ್ತು. ಎರಡನೇ ಜೋಡಿ ಆಗ ಚೆನ್ನಾಗಿ ತೆರೆಯುತ್ತಿತ್ತು. ರಾತ್ರಿ 8ಕ್ಕೂ ತೆರೆಯಿತು, ರಾತ್ರಿ 10ಕ್ಕೆ ಅದೂ ಹೋಯಿತು. ಎರಡು ಜೋಡಿಯೂ 23 ಗಂಟೆಯಲ್ಲಿ ಇದ್ದವು, 25 ಗಂಟೆಯಲ್ಲಿ ಇರಲಿಲ್ಲ. ಚಿಕ್ಕದು, ದೊಡ್ಡದು ಎರಡೂ ಹೋದವು. ಪ್ರತಿ ಸಲ ನೋಡಿದಾಗ ಗಡಿಯಾರ ಕಾಣುವ ಹಾಗೆ ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಕಿಟಕಿ ಮಾತ್ರ ಕತ್ತರಿಸಿ ತೆಗೆದರೆ ಸಮಯ ಕಾಣುವುದಿಲ್ಲ.

ನಿಮ್ಮ ಅನುಮಾನ ಬೇರೆ ಇದ್ದರೆ ಪರೀಕ್ಷೆಯೂ ಬೇರೆ ಆಗುತ್ತದೆ. ಎಣಿಕೆಯ ಮಿತಿ ಎನಿಸಿದರೆ ಒಮ್ಮೆ 20, ಒಮ್ಮೆ 25 ಚಿಕ್ಕ ಫೈಲ್ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಆಯಿತು ಎಂದು ಹೇಳಲು ಬರುವುದಿಲ್ಲ.

ಅವರು ಹುಡುಕಲು ಬೇಕಾದ ಗುರುತುಗಳು

ಲ್ಯಾಬ್‌ನ ತಾಂತ್ರಿಕ ತಂಡದ ಹತ್ತಿರ ಲಾಗ್ ಇರುತ್ತದೆ. ಯಾವ ಖಾತೆಯಿಂದ, ಎಷ್ಟು ಹೊತ್ತಿಗೆ, ಯಾವ ಫೈಲ್ ಬಂತು ಎಂಬ ದಾಖಲೆ ಅದು. ಅದರಲ್ಲಿ ನಿಮ್ಮ ಸಾಲನ್ನು ಹುಡುಕಲು ಸಮಯ ಸರಿಯಾಗಿ ಬೇಕು. "ನಿನ್ನೆ ರಾತ್ರಿ" ಎಂದರೆ ಸಾಲದು. ಸರ್ವರ್‌ಗಳ ಲಾಗ್ ಹೆಚ್ಚಾಗಿ ಯುಟಿಸಿ ಸಮಯದಲ್ಲಿ ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ರಾತ್ರಿ 9:20 ಅವರ ಲಾಗ್‌ನಲ್ಲಿ 15:50. ಮಧ್ಯರಾತ್ರಿ ದಾಟಿ 1 ಗಂಟೆಗೆ ಅಪ್‌ಲೋಡ್ ಮಾಡಿದ್ದರೆ ಅಲ್ಲಿ ತಾರೀಖೇ ಹಿಂದಿನ ದಿನದ್ದು. ಸಮಯದ ಮುಂದೆ "ಭಾರತೀಯ ಸಮಯ" ಎಂದು ಬರೆದುಬಿಡಿ, ಲೆಕ್ಕ ಅವರು ಹಾಕಿಕೊಳ್ಳುತ್ತಾರೆ.

ಇನ್ನೂ ಗಟ್ಟಿ ಗುರುತು ಬೇಕಾದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ, `Network` ತೆರೆದು, `Preserve log` ಟಿಕ್ ಮಾಡಿ, ಒಂದು ಫೈಲ್ ಅಪ್‌ಲೋಡ್ ಮಾಡಿ. ಆ ಸಾಲಿನಲ್ಲಿ `Status` 200 ಅಥವಾ 201 ಎಂದಿದ್ದರೆ ಸರ್ವರ್ "ಸಿಕ್ಕಿತು" ಎಂದಿದೆ ಎಂದು ತಿಳಿಯಬಹುದು. 413 ಎಂದಿದ್ದರೆ ಫೈಲ್ ಅವರ ಮಿತಿಗಿಂತ ದೊಡ್ಡದು. ಸಾಲನ್ನು ಕ್ಲಿಕ್ ಮಾಡಿದರೆ `Response` ಅಡಿಯಲ್ಲಿ ಫೈಲ್‌ಗೆ ಕೊಟ್ಟ ಐಡಿ ಎಷ್ಟೋ ಸಲ ಕಾಣುತ್ತದೆ. ಆ ಐಡಿ ಸಿಕ್ಕರೆ ಬಂಗಾರ ಸಿಕ್ಕಂತೆ. "ಅಪ್‌ಲೋಡ್ ಆಗೇ ಇಲ್ಲ" ಎಂದು ಆಮೇಲೆ ಯಾರೂ ಹೇಳಲಾರರು.

ಅಲ್ಲೇ ಎಲ್ಲವನ್ನೂ ಒಂದು ಎಚ್‌ಎಆರ್ ಫೈಲ್ ಆಗಿ ಉಳಿಸುವ ಅವಕಾಶವೂ ಇದೆ. ಅದನ್ನು ಮೊದಲ ಮೇಲ್‌ಗೆ ಸೇರಿಸಬೇಡಿ. ಅದರಲ್ಲಿ ನಿಮ್ಮ ಲಾಗಿನ್ ಕುಕಿ ಇರಬಹುದು, ಅದು ಬೇರೆಯವರ ಕೈಗೆ ಸಿಕ್ಕರೆ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಬರಬಹುದು. ಅವರೇ ಕೇಳಿದರೆ ಕೊಡಿ, ಕೊಡುವ ಮುಂಚೆ ಲಾಗ್ ಔಟ್ ಆಗಿ.

ಫೈಲ್ ಕೆಟ್ಟಿತ್ತು ಎಂಬ ಮಾತು ಬರಬಾರದು ಎಂದರೆ ಅದರ ಬೆರಳಚ್ಚು ತೆಗೆದಿಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಫೈಲ್ ಇರುವ ಫೋಲ್ಡರ್‌ಗೆ ಹೋಗಿ, ಹೀಗೆ ಕೊಡಿ:

```
certutil -hashfile sheet_07.jpg SHA256
```

64 ಅಕ್ಷರಗಳ ಒಂದು ಸಾಲು ಬರುತ್ತದೆ. ಅವರ ಹತ್ತಿರ ಇರುವ ಫೈಲ್‌ನ ಸಾಲೂ ಇದೇ ಆಗಿದ್ದರೆ ಫೈಲ್ ಒಂದು ಚೂರೂ ಬದಲಾಗದೆ ತಲುಪಿದೆ. ಒಂದೆರಡು ಫೈಲ್‌ಗೆ ಮಾಡಿದರೆ ಸಾಕು. ಎಲ್ಲಕ್ಕೂ ಬೇಡ.

ಮೇಲ್ ಬರೆಯುವುದು

ಇಷ್ಟು ಕೈಯಲ್ಲಿದ್ದರೆ ಮೇಲ್ ಉದ್ದ ಆಗಬೇಕಿಲ್ಲ. ಮೊದಲು ಓದುವವರು ಹೆಚ್ಚಾಗಿ ತಾಂತ್ರಿಕ ತಂಡದವರಲ್ಲ. ಸಪೋರ್ಟ್‌ನಲ್ಲಿ ಕೂತ ಒಬ್ಬರು ನೋಡಿ, ತಾವೇ ಉತ್ತರ ಕೊಡಬೇಕೋ ಮುಂದೆ ಕಳಿಸಬೇಕೋ ಎಂದು ತೀರ್ಮಾನಿಸುತ್ತಾರೆ. ಹಾಗಾಗಿ ವಿಷಯದ ಸಾಲಿನಲ್ಲೇ ಆರ್ಡರ್ ಸಂಖ್ಯೆ, ಎಷ್ಟು ಫೈಲ್, ಯಾವಾಗ ಹೋದವು, ಎಷ್ಟನೇ ಸಲ ಎಂಬುದು ಬರಲಿ. "ದಯವಿಟ್ಟು ಗಮನಿಸಿ, ಅರ್ಜೆಂಟ್" ಎಂದು ಬರೆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು. ಸಂಖ್ಯೆ, ತಾರೀಖುಗಳನ್ನು ಬದಲಿಸಿದ್ದೇನೆ.

> ವಿಷಯ: ಆರ್ಡರ್ 48213: ಅಪ್‌ಲೋಡ್ ಆದ 14 ಶೀಟ್ 24 ಗಂಟೆಯ ಆಸುಪಾಸಿನಲ್ಲಿ ಕಾಣೆ, 3ನೇ ಸಲ
>
> ನಮಸ್ಕಾರ,
>
> ಆರ್ಡರ್ 48213ಕ್ಕೆ ನಾನು 40 ಶೀಟ್ ಅಪ್‌ಲೋಡ್ ಮಾಡಿದ್ದೆ. ನಿಮಗೆ 26 ಮಾತ್ರ ಸಿಕ್ಕಿವೆ ಎಂದು ಮೇ 15ರಂದು ಫೋನ್ ಬಂತು. ಕಾಣೆಯಾಗಿರುವುದು sheet_01ರಿಂದ sheet_14. ಆರ್ಡರ್ 47760 ಮತ್ತು 47985ರಲ್ಲೂ ಹೀಗೇ ಆಗಿತ್ತು.
>
> ಅಪ್‌ಲೋಡ್ ಮಾಡಿದ ಸಮಯ (ಭಾರತೀಯ ಸಮಯ):
> ಮೇ 12, ಸಂಜೆ 7:05–7:40: sheet_01ರಿಂದ 14. ಈಗ ಇಲ್ಲ.
> ಮೇ 13, ರಾತ್ರಿ 9:20–10:00: sheet_15ರಿಂದ 30. ಇವೆ.
> ಮೇ 14, ರಾತ್ರಿ 8:20–8:45: sheet_31ರಿಂದ 40. ಇವೆ.
> ಆರ್ಡರ್ ಖಚಿತ ಮಾಡಿದ್ದು ಮೇ 14, ರಾತ್ರಿ 8:50. ಆಗ 40 ಚಿಕ್ಕ ಚಿತ್ರಗಳೂ ಪುಟದಲ್ಲಿ ಕಾಣುತ್ತಿದ್ದವು.
>
> ಮೇ 16 ಮತ್ತು 17ರಂದು ಒಂದು ಡ್ರಾಫ್ಟ್ ಆರ್ಡರ್‌ನಲ್ಲಿ ಪರೀಕ್ಷಿಸಿದೆ. ಬೆಳಿಗ್ಗೆ 9ಕ್ಕೆ ಹಾಕಿದ ಎರಡು ಫೈಲ್, ರಾತ್ರಿ 9ಕ್ಕೆ ಹಾಕಿದ ಎರಡು ಫೈಲ್, ನಾಲ್ಕೂ 23 ಗಂಟೆಯ ನಂತರ ತೆರೆದವು, 25 ಗಂಟೆಯ ನಂತರ ತೆರೆಯಲಿಲ್ಲ. 1 ಎಂಬಿ ಮತ್ತು 18 ಎಂಬಿ ಫೈಲ್‌ಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊಬೈಲ್‌ನಲ್ಲಿ, ಬೇರೆ ನೆಟ್‌ನಲ್ಲಿ ನೋಡಿದಾಗಲೂ ಹಾಗೇ ಇತ್ತು. ಕ್ಯಾಶ್ ಕ್ಲಿಯರ್ ಮಾಡಿಯೂ ನೋಡಿದ್ದೇನೆ. ಅಪ್‌ಲೋಡ್ ಆದಾಗ ನಿಮ್ಮ ಸರ್ವರ್ 200 ಎಂದು ಉತ್ತರಿಸಿದೆ. ಫೈಲ್ ಐಡಿಗಳು ಮತ್ತು ಸ್ಕ್ರೀನ್‌ಶಾಟ್‌ಗಳು ಜೊತೆಗಿವೆ.
>
> ನನ್ನ ಕೋರಿಕೆ ಮೂರು.
> 1. ಆರ್ಡರ್ ಖಚಿತ ಆಗುವ ಮುಂಚೆ ಫೈಲ್‌ಗಳನ್ನು ಎಷ್ಟು ಹೊತ್ತು ಇಡುತ್ತೀರಿ ಎಂದು ತಾಂತ್ರಿಕ ತಂಡದಿಂದ ಕೇಳಿ ತಿಳಿಸಿ.
> 2. ಈ 14 ಶೀಟ್‌ಗಳನ್ನು ಇವತ್ತೇ ಮತ್ತೆ ಕಳಿಸುತ್ತೇನೆ. ಹೆಚ್ಚಿನ ಶುಲ್ಕ ಇಲ್ಲದೆ ಇದೇ ಆರ್ಡರ್‌ಗೆ ಸೇರಿಸಿ. ಆಲ್ಬಂ ಮೇ 30ರ ಒಳಗೆ ನನ್ನ ಕೈಗೆ ಬರಬೇಕು.
> 3. ಈ ದೂರಿನ ಟಿಕೆಟ್ ಸಂಖ್ಯೆ ಕೊಡಿ. ಮೇ 21ರ ಸಂಜೆಯೊಳಗೆ ಉತ್ತರ ನಿರೀಕ್ಷಿಸುತ್ತೇನೆ.
>
> ವಂದನೆಗಳು,
> (ಹೆಸರು, ಸ್ಟುಡಿಯೋ, ಖಾತೆಯ ಮೇಲ್ ವಿಳಾಸ, ಫೋನ್)

ಇದರಲ್ಲಿ ಎಲ್ಲೂ "ನಿಮ್ಮ ಸರ್ವರ್ ಅಳಿಸುತ್ತಿದೆ" ಎಂದಿಲ್ಲ ಎಂಬುದನ್ನು ಗಮನಿಸಿ. ನಾನು ಕಂಡದ್ದು 23 ಗಂಟೆ ಮತ್ತು 25 ಗಂಟೆ. ಒಳಗೆ ಏನಾಗುತ್ತಿದೆ ಎಂದು ನಾನು ನೋಡಿಲ್ಲ. ಕಾರಣವನ್ನು ನಾವೇ ಹೇಳಿದರೆ, ಅದು ತಪ್ಪಾದಾಗ ಅವರು ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ. ಕಂಡದ್ದರ ಬಗ್ಗೆ ವಾದ ಮಾಡಲು ಬರುವುದಿಲ್ಲ. ವಿಷಯದ ಸಾಲಿನಲ್ಲಿ "3ನೇ ಸಲ" ಎಂದು ಬರೆದದ್ದೂ ಬೇಕೆಂದೇ. ಒಂದು ಸಲ ಆದರೆ ನೆಟ್ ಮೇಲೆ ಹಾಕಿಬಿಡಬಹುದು, ಮೂರು ಆರ್ಡರ್ ಸಂಖ್ಯೆ ಇದ್ದರೆ ಹಾಗೆ ಮಾಡುವುದು ಕಷ್ಟ.

ಜೊತೆಗೆ ಸೇರಿಸುವುದು ಕಡಿಮೆ ಇರಲಿ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿ ಮಿತಿ, ಎರಡು ಶೀಟ್ ಸೇರಿಸಿದರೆ ಅದೇ ದಾಟಿಬಿಡುತ್ತದೆ. ಶೀಟ್‌ಗಳು ಇಲ್ಲಿ ಬೇಕಾಗಿಯೂ ಇಲ್ಲ. ಇನ್ನೊಬ್ಬರ ಮದುವೆಯ ಫೋಟೋ ಸಪೋರ್ಟ್‌ನ ಹತ್ತು ಜನರ ಇನ್‌ಬಾಕ್ಸ್‌ನಲ್ಲಿ ಓಡಾಡುವುದೂ ಸರಿಯಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಮುಖಗಳು ಕಾಣುತ್ತಿದ್ದರೆ ಮಸುಕು ಮಾಡಿ ಕಳಿಸಿ.

ಉತ್ತರ ಬಂದಮೇಲೆ, ಬರದಿದ್ದಾಗ

ಮತ್ತೆ "ಕ್ಯಾಶ್ ಕ್ಲಿಯರ್ ಮಾಡಿ" ಎಂದೇ ಬಂದರೆ ಹೊಸ ಮೇಲ್ ಶುರುಮಾಡಬೇಡಿ. ಅದೇ ಮೇಲ್‌ಗೆ ಉತ್ತರಿಸಿ. ವಿಷಯದ ಸಾಲಿನಲ್ಲಿ ಅವರು ಸೇರಿಸಿದ ಟಿಕೆಟ್ ಸಂಖ್ಯೆ ಹಾಗೇ ಇರಲಿ, ಇಲ್ಲದಿದ್ದರೆ ಹೊಸ ದೂರಾಗಿ ದಾಖಲಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎರಡು ಸಾಲು ಸಾಕು: "ಇದನ್ನು ಮೊದಲ ಮೇಲ್‌ನಲ್ಲಿ ಪರೀಕ್ಷೆಯ ಪ್ಯಾರಾದಲ್ಲಿ ತಿಳಿಸಿದ್ದೇನೆ. ದಯವಿಟ್ಟು ಫೈಲ್ ಐಡಿಗಳೊಂದಿಗೆ ತಾಂತ್ರಿಕ ತಂಡಕ್ಕೆ ಕಳಿಸಿ." ಫೋನ್‌ನಲ್ಲಿ ಏನಾದರೂ ಭರವಸೆ ಕೊಟ್ಟರೆ ಅದನ್ನೂ ಅದೇ ಮೇಲ್‌ನಲ್ಲಿ ಬರೆದು ಹಾಕಿ: "ಇವತ್ತು 11 ಗಂಟೆಗೆ ಮಾತಾಡಿದಾಗ ಹೀಗೆ ಹೇಳಿದಿರಿ."

ಅದಕ್ಕೂ ಉತ್ತರ ಇಲ್ಲದಿದ್ದರೆ ಸೈಟ್‌ನ ಕೆಳಭಾಗದಲ್ಲಿ ಗ್ರೀವೆನ್ಸ್ ಆಫೀಸರ್ ಎಂದು ಹುಡುಕಿ. ಭಾರತದಲ್ಲಿ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ಸೇವೆ ಮಾರುವ ಸಂಸ್ಥೆಗಳು ಇಂಥ ಒಬ್ಬ ಅಧಿಕಾರಿಯನ್ನು ಇಟ್ಟು ಅವರ ಹೆಸರು, ಸಂಪರ್ಕವನ್ನು ಸೈಟ್‌ನಲ್ಲಿ ಹಾಕಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಳೆಯ ಮೇಲ್‌ಗಳ ಸರಣಿಯನ್ನೇ ಅವರಿಗೆ ಫಾರ್ವರ್ಡ್ ಮಾಡಿದರೆ ಆಯಿತು. ಅದಾದ ಮೇಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಒಂದು ಮಾತು ನೆನಪಿರಲಿ. ವ್ಯಾಪಾರದ ಉದ್ದೇಶಕ್ಕೆ ಕೊಂಡ ಸೇವೆ ಗ್ರಾಹಕ ಕಾಯಿದೆಯ ಅಡಿ ಬರುವುದಿಲ್ಲ. ಆದರೆ ಸ್ವಂತ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡಿದ್ದರೆ ಬರುತ್ತದೆ. ಒಬ್ಬರೇ ನಡೆಸುವ ಸ್ಟುಡಿಯೋದವರು ದೂರಿನಲ್ಲಿ ಅದನ್ನು ಒಂದು ಸಾಲು ಹೇಳಬೇಕು.

ಉತ್ತರ ಬರುವವರೆಗೆ ಕೆಲಸ ನಿಲ್ಲಿಸಲಾಗುವುದಿಲ್ಲ. ನಾನು ಆ ವಾರ ಶೀಟ್‌ಗಳನ್ನೆಲ್ಲ ಕಂಪ್ಯೂಟರ್‌ನಲ್ಲೇ ಕೂಡಿಟ್ಟು, ಮನೆಯವರು ಕೊನೆಯ ಶೀಟ್ ಒಪ್ಪಿದ ರಾತ್ರಿ ಒಟ್ಟಿಗೆ ಅಪ್‌ಲೋಡ್ ಮಾಡಿ, ತಕ್ಷಣ ಆರ್ಡರ್ ಖಚಿತ ಮಾಡುತ್ತಿದ್ದೆ. 40 ಶೀಟ್‌ಗೆ ನಮ್ಮ ನೆಟ್‌ನಲ್ಲಿ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಆ ರೀತಿ ಹಾಕಿದ ಒಂದೂ ಶೀಟ್ ಕಾಣೆಯಾಗಲಿಲ್ಲ. ಅದನ್ನೂ ಮೇಲ್‌ನಲ್ಲಿ ತಿಳಿಸಿದೆ, ಏಕೆಂದರೆ ಅದೂ ಒಂದು ಸಾಕ್ಷಿಯೇ.

ಮೂರನೇ ದಿನ ತಾಂತ್ರಿಕ ತಂಡದಿಂದಲೇ ಉತ್ತರ ಬಂತು. ಖಚಿತವಾಗದ ಆರ್ಡರ್‌ಗಳ ಮೂಲ ಫೈಲ್‌ಗಳನ್ನು 24 ಗಂಟೆಯ ನಂತರ ಅಳಿಸುವ ಒಂದು ಸ್ವಚ್ಛತೆಯ ಕೆಲಸ ತಾನಾಗಿ ಓಡುತ್ತಿತ್ತು. ಚಿಕ್ಕ ಚಿತ್ರಗಳು ಬೇರೆ ಕಡೆ ಇದ್ದದ್ದರಿಂದ ಅವು ಉಳಿಯುತ್ತಿದ್ದವು. ಅವರು ಅವಧಿಯನ್ನು 7 ದಿನಕ್ಕೆ ಏರಿಸಿದರು, 14 ಶೀಟ್‌ಗಳನ್ನು ಅದೇ ಆರ್ಡರ್‌ಗೆ ಸೇರಿಸಿಕೊಂಡರು. ಆಲ್ಬಂ ಮೇ 29ಕ್ಕೆ ಬಂತು. ಈಗಲೂ ಆರ್ಡರ್ ಖಚಿತ ಮಾಡುವ ಮುಂಚೆ ಎಲ್ಲಕ್ಕಿಂತ ಮೊದಲು ಹಾಕಿದ ಶೀಟ್ ಮೇಲೆ ಕ್ಲಿಕ್ ಮಾಡಿ, ದೊಡ್ಡದಾಗಿ ತೆರೆಯುತ್ತದೆಯೇ ಎಂದು ನೋಡಿಯೇ ಮುಂದೆ ಹೋಗುತ್ತೇನೆ.